ತಣ್ಣಗಾದ ಅನ್ನದಲ್ಲಿ ಎರಡು ಗ್ರಾಂ

ನಮ್ಮ ಚಿಕ್ಕಪ್ಪನಿಗೆ 58 ವರ್ಷ. ಪಾಂಡವಪುರದ ಕಡೆ ನಾಲೆ ನೀರಿನ ಗದ್ದೆ ಇದೆ, ಒಂದು ಬೆಳೆ ಭತ್ತ, ಉಳಿದ ಕಡೆ ಕಬ್ಬು. ಏಳು ವರ್ಷದಿಂದ ಶುಗರ್. ಇನ್ಸುಲಿನ್ ಇಲ್ಲ, ಮೆಟ್‌ಫಾರ್ಮಿನ್ ಮಾತ್ರೆ ಒಂದೇ. ರಾತ್ರಿ ಮುದ್ದೆ ಉಣ್ಣುತ್ತಾರೆ, ಮಧ್ಯಾಹ್ನ ಮಾತ್ರ ಅನ್ನ ಬೇಕೇ ಬೇಕು. ನಾನು ಮೈಸೂರಿನ ಒಂದು ಕಾಲೇಜಿನಲ್ಲಿ ಆಹಾರ ವಿಜ್ಞಾನ ಪಾಠ ಮಾಡುತ್ತೇನೆ. ಹಾಗಾಗಿ ಮನೆಯಲ್ಲಿ ಊಟದ ಬಗ್ಗೆ ಯಾರಿಗೆ ಅನುಮಾನ ಬಂದರೂ ಫೋನ್ ನನಗೇ ಬರುತ್ತದೆ.

ಈ ಸಲ ಚಿಕ್ಕಪ್ಪನೇ ಮಾಡಿದರು. "ಅನ್ನ ಫ್ರಿಜ್ಜಲ್ಲಿಟ್ಟು ಮಾರನೇ ದಿನ ಬಿಸಿ ಮಾಡ್ಕೊಂಡು ಉಂಡ್ರೂ ಸಕ್ಕರೆ ಅಂಶ ಅರ್ಧ ಹೋಗ್ಬುಡ್ತದಂತೆ ಕಣವ್ವ. ವಾಟ್ಸಾಪಲ್ಲಿ ಬಂದದೆ. ನೀನು ಓದ್ದೋಳು, ನಿಜವಾ ಹೇಳು."

ಹಿಂದಿನಿಂದ ಚಿಕ್ಕಮ್ಮನ ದನಿ ಕೇಳಿಸಿತು. "ಅದನ್ನ ಓದ್ದಾಗಿಂದ ತಟ್ಟೆ ತುಂಬ ಉಣ್ತಾವ್ರೆ, ಅದ್ನೂ ಹೇಳಿ."

ಚಿಕ್ಕಮ್ಮನ ಮಾತು ಕೇಳಿ ನನಗೆ ಭಯವಾಯಿತು. ಯಾಕಂದರೆ ಆ ಮೆಸೇಜು ಪೂರ್ತಿ ಸುಳ್ಳಲ್ಲ. ಅದರಲ್ಲಿ ಒಂದು ನಿಜ ಇದೆ, ಆದರೆ ಅದು ಬಹಳ ಚಿಕ್ಕದು. ಎಷ್ಟು ಚಿಕ್ಕದು ಅಂತ ಗೊತ್ತಿಲ್ಲದೆ ನಂಬಿದರೆ ಜಾಸ್ತಿ ಅನ್ನ ಹೊಟ್ಟೆಗೆ ಹೋಗುತ್ತದೆ.

ಮೊದಲು ಆ ನಿಜ ಏನು ಅಂತ ನೋಡೋಣ. ಅಕ್ಕಿಯ ಪಿಷ್ಟದಲ್ಲಿ ಎರಡು ಬಗೆ ಇದೆ. ಅಮೈಲೋಸ್ ನೇರವಾದ ಉದ್ದನೆಯ ಎಳೆ. ಅಮೈಲೋಪೆಕ್ಟಿನ್ ಮರದ ಹಾಗೆ ಕವಲು ಕವಲಾಗಿ ಹರಡಿಕೊಂಡಿರುತ್ತದೆ. ಹಸಿ ಅಕ್ಕಿಯಲ್ಲಿ ಎರಡೂ ಒತ್ತಾಗಿ ಕೂತಿರುತ್ತವೆ. ನೀರು ಹಾಕಿ ಬೇಯಿಸಿದಾಗ ನೀರು ಒಳಗೆ ನುಗ್ಗಿ ಕಟ್ಟು ಬಿಚ್ಚುತ್ತದೆ, ಕಾಳು ಅರಳುತ್ತದೆ. ಹೀಗೆ ಬಿಚ್ಚಿಕೊಂಡ ಪಿಷ್ಟವನ್ನು ನಮ್ಮ ಕರುಳಿನ ಕಿಣ್ವಗಳು ಸಲೀಸಾಗಿ ಕತ್ತರಿಸಿ ಗ್ಲೂಕೋಸ್ ಮಾಡುತ್ತವೆ. ಬಿಸಿ ಅನ್ನ ಉಂಡ ಮುಕ್ಕಾಲು ಗಂಟೆ, ಒಂದು ಗಂಟೆಗೆ ಶುಗರ್ ಏರುವುದು ಇದಕ್ಕೇ.

ಅನ್ನ ತಣ್ಣಗಾದಾಗ ಬಿಚ್ಚಿಕೊಂಡ ಎಳೆಗಳು ಮತ್ತೆ ಹತ್ತಿರ ಬರುತ್ತವೆ. ಅಮೈಲೋಸ್ ನೇರ ಎಳೆ ಆದ್ದರಿಂದ ಕೆಲವೇ ಗಂಟೆಗಳಲ್ಲಿ ಒಂದರ ಪಕ್ಕ ಒಂದು ಜೋಡಿಸಿಕೊಂಡು ಗಟ್ಟಿ ಹರಳಾಗುತ್ತದೆ. ಆ ಹರಳಿನೊಳಗೆ ಕಿಣ್ವ ನುಗ್ಗಲಾರದು. ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ಅದು ದೊಡ್ಡ ಕರುಳಿಗೆ ಹೋಗುತ್ತದೆ, ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತದೆ. ಇದನ್ನೇ ರೆಸಿಸ್ಟೆಂಟ್ ಸ್ಟಾರ್ಚ್ ಅನ್ನುವುದು. ಕವಲುಳ್ಳ ಅಮೈಲೋಪೆಕ್ಟಿನ್ ಕೂಡ ಹೀಗೆ ಜೋಡಿಸಿಕೊಳ್ಳುತ್ತದೆ, ಆದರೆ ಅದಕ್ಕೆ ದಿನಗಳೇ ಬೇಕು, ಕಟ್ಟೂ ಸಡಿಲ.

ಇದನ್ನು ಕೈಯಲ್ಲೇ ನೋಡಬಹುದು. ಈಗಷ್ಟೇ ಇಳಿಸಿದ ಅನ್ನದ ಒಂದು ಅಗುಳು ತೆಗೆದುಕೊಂಡು ಹೆಬ್ಬೆರಳು, ತೋರುಬೆರಳಿನ ನಡುವೆ ಒತ್ತಿ. ಅಂಟಂಟಾಗಿ ಅಪ್ಪಚ್ಚಿಯಾಗಿ ಹೋಗುತ್ತದೆ. ಮಾರನೇ ದಿನ ಫ್ರಿಜ್ಜಿನಿಂದ ತೆಗೆದ ಅಗುಳು ಒತ್ತಿದರೆ ಪುಡಿಪುಡಿಯಾಗಿ ಒಡೆಯುತ್ತದೆ. ಅದನ್ನೇ ಹಬೆಯಲ್ಲಿ ಬಿಸಿ ಮಾಡಿ ಒತ್ತಿ, ಮತ್ತೆ ಮೆತ್ತಗಾಗಿರುತ್ತದೆ. ಬಿಸಿಗೆ ಮೆತ್ತಗಾದದ್ದು ಹೆಚ್ಚಾಗಿ ಅಮೈಲೋಪೆಕ್ಟಿನ್ನಿನ ಸಡಿಲ ಕಟ್ಟು. ಅದು 60 ಡಿಗ್ರಿ ಆಸುಪಾಸಿನಲ್ಲೇ ಕರಗಿಬಿಡುತ್ತದೆ. ಅಮೈಲೋಸ್ ಹರಳು ಕರಗಲು 120 ಡಿಗ್ರಿಗಿಂತ ಜಾಸ್ತಿ ಬೇಕು. ಇಡ್ಲಿ ಪಾತ್ರೆಯ ಹಬೆ 100 ಡಿಗ್ರಿ ದಾಟುವುದಿಲ್ಲ. ಹಾಗಾಗಿ ಬಿಸಿ ಮಾಡಿದ ಮೇಲೂ ಅಮೈಲೋಸ್ ಹರಳು ಉಳಿಯುತ್ತದೆ. ತಣ್ಣಗೇ ತಿನ್ನಬೇಕು ಅಂತೇನಿಲ್ಲ. ಮೆಸೇಜಿನಲ್ಲಿದ್ದ ಈ ಮಾತು ಸರಿಯೇ.

ಹಾಗಾದರೆ ಎಷ್ಟು ಉಳಿಯುತ್ತದೆ? ಇಂಡೊನೇಷ್ಯಾದಲ್ಲಿ ಬಿಳಿ ಅಕ್ಕಿ ಬೇಯಿಸಿ ಅಳೆದ ಒಂದು ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಬಿಸಿ ಅನ್ನದ 100 ಗ್ರಾಂನಲ್ಲಿ ರೆಸಿಸ್ಟೆಂಟ್ ಸ್ಟಾರ್ಚ್ 0.64 ಗ್ರಾಂ ಇತ್ತು. 24 ಗಂಟೆ 4 ಡಿಗ್ರಿಯಲ್ಲಿಟ್ಟು ಮತ್ತೆ ಬಿಸಿ ಮಾಡಿದ ಅನ್ನದಲ್ಲಿ 1.65 ಗ್ರಾಂ. ಎರಡೂವರೆ ಪಟ್ಟು ಜಾಸ್ತಿ! ಕೇಳಲಿಕ್ಕೆ ದೊಡ್ಡದು. ಆದರೆ ಚಿಕ್ಕಪ್ಪನ ತಟ್ಟೆಗೆ ಹಾಕಿ ನೋಡಿ. 200 ಗ್ರಾಂ ಅನ್ನದಲ್ಲಿ ಸುಮಾರು 56 ಗ್ರಾಂ ಪಿಷ್ಟ ಇರುತ್ತದೆ. ಫ್ರಿಜ್ಜಿನಲ್ಲಿಟ್ಟದ್ದರಿಂದ ಜೀರ್ಣವಾಗದೆ ಉಳಿದದ್ದು ಹೆಚ್ಚುವರಿಯಾಗಿ 2 ಗ್ರಾಂ. ಮಿಕ್ಕ 54 ಗ್ರಾಂ ಹಾಗೇ ಇದೆ. ಅರ್ಧ ಹೋಗುವ ಮಾತು ಎಲ್ಲಿ, ಇದು ಎಲ್ಲಿ? ಜೀರ್ಣವಾಗದ ಪಿಷ್ಟ ಕೂಡ ದೊಡ್ಡ ಕರುಳಿನಲ್ಲಿ ಹುಳಿತು ಗ್ರಾಂಗೆ 4ರ ಬದಲು ಸುಮಾರು 2 ಕ್ಯಾಲೊರಿ ಕೊಡುತ್ತದೆ. ಆದ್ದರಿಂದ ಇಡೀ ತಟ್ಟೆಯಲ್ಲಿ ಕಡಿಮೆಯಾಗುವುದು ನಾಲ್ಕೇ ಕ್ಯಾಲೊರಿ.

ಅರ್ಧ ಹೋಗುತ್ತದೆ ಅನ್ನುವುದು ಹುಟ್ಟಿದ್ದು ಅದೇ 2015ರಲ್ಲಿ. ಶ್ರೀಲಂಕಾದ ಒಬ್ಬ ವಿದ್ಯಾರ್ಥಿ ಮತ್ತು ಅವನ ಗುರು ಅಮೆರಿಕದ ಡೆನ್ವರ್‌ನಲ್ಲಿ ನಡೆದ ರಸಾಯನಶಾಸ್ತ್ರ ಸಮ್ಮೇಳನದಲ್ಲಿ ಒಂದು ಪ್ರಯೋಗ ಹೇಳಿದರು. ಕುದಿಯುವ ನೀರಿಗೆ ಕೊಬ್ಬರಿ ಎಣ್ಣೆ ಹಾಕಿ ಅನ್ನ ಮಾಡಿ, 12 ಗಂಟೆ ಫ್ರಿಜ್ಜಿನಲ್ಲಿಟ್ಟರೆ ರೆಸಿಸ್ಟೆಂಟ್ ಸ್ಟಾರ್ಚ್ ಜಾಸ್ತಿಯಾಗುತ್ತದೆ ಅಂತ. ಒಳ್ಳೆಯ ತಳಿ ಆರಿಸಿಕೊಂಡರೆ ಕ್ಯಾಲೊರಿ 50ರಿಂದ 60 ಶೇಕಡ ಇಳಿಯಬಹುದು ಎಂದು ಅವರು ಊಹಿಸಿದ್ದರು. ಅದು ಪ್ರಯೋಗಾಲಯದ ಮಾತು, ಜನರಿಗೆ ಉಣ್ಣಿಸಿ ಅಳೆದದ್ದಲ್ಲ. ಪತ್ರಿಕೆಗಳಲ್ಲಿ ಆ "ಬಹುದು" ಬಿದ್ದುಹೋಯಿತು. ಚಿಕ್ಕಪ್ಪನ ಮೊಬೈಲಿಗೆ ಬರುವ ಹೊತ್ತಿಗೆ ಕೊಬ್ಬರಿ ಎಣ್ಣೆಯೂ ಬಿದ್ದುಹೋಗಿತ್ತು.

ಇಷ್ಟೇ ಹೇಳಿ ಫೋನ್ ಇಡಬಹುದಿತ್ತು. ಆದರೆ ಇಂಡೊನೇಷ್ಯಾದ ಅದೇ ಅಧ್ಯಯನದಲ್ಲಿ ಇನ್ನೊಂದು ಭಾಗ ಇದೆ, ಅದನ್ನು ಮುಚ್ಚಿಟ್ಟರೆ ಅನ್ಯಾಯವಾಗುತ್ತದೆ. ಅವರು 15 ಜನ ಆರೋಗ್ಯವಂತರಿಗೆ ಎರಡೂ ಬಗೆಯ ಅನ್ನ ಕೊಟ್ಟು ರಕ್ತದ ಸಕ್ಕರೆ ಅಳೆದರು. ಫ್ರಿಜ್ಜಿನಲ್ಲಿಟ್ಟು ಬಿಸಿ ಮಾಡಿದ ಅನ್ನಕ್ಕೆ ಒಟ್ಟು ಏರಿಕೆ ಸುಮಾರು 18 ಶೇಕಡ ಕಡಿಮೆ ಬಂತು. ಪಿಷ್ಟ ಕಡಿಮೆಯಾದದ್ದು ನೂರಕ್ಕೆ ನಾಲ್ಕರಷ್ಟೂ ಇಲ್ಲ, ಸಕ್ಕರೆ ಇಳಿದದ್ದು ನೂರಕ್ಕೆ ಹದಿನೆಂಟು. ಇದು ಹೇಗೆ?

ಉತ್ತರ ಅಳೆಯುವ ವಿಧಾನದಲ್ಲಿದೆ. ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ ಪಿಷ್ಟವನ್ನು ಕಿಣ್ವಗಳ ಜೊತೆ 37 ಡಿಗ್ರಿಯಲ್ಲಿ 16 ಗಂಟೆ ಇಡುತ್ತಾರೆ. ಅಷ್ಟು ಹೊತ್ತಾದ ಮೇಲೂ ಕರಗದೆ ಉಳಿದದ್ದು ಮಾತ್ರ ರೆಸಿಸ್ಟೆಂಟ್ ಸ್ಟಾರ್ಚ್ ಅಂತ ಲೆಕ್ಕ. ಒಂದು ಗಂಟೆ ಬದಲು ಮೂರು ಗಂಟೆಯಲ್ಲಿ ಕರಗುವ ಪಿಷ್ಟ ಆ ಲೆಕ್ಕಕ್ಕೆ ಬರುವುದಿಲ್ಲ. ತಣ್ಣಗಾದ ಅನ್ನದಲ್ಲಿ ಹೀಗೆ ನಿಧಾನಕ್ಕೆ ಜೀರ್ಣವಾಗುವ ಪಿಷ್ಟವೂ ಜಾಸ್ತಿ ಇರುತ್ತದೆ. ಅದು ಕೊನೆಗೆ ಸಕ್ಕರೆಯಾಗಿಯೇ ರಕ್ತಕ್ಕೆ ಸೇರುತ್ತದೆ, ಆದರೆ ಒಮ್ಮೆಲೇ ನುಗ್ಗುವುದಿಲ್ಲ. ಶುಗರ್ ಇರುವವರಿಗೆ ಇದೂ ಒಂದು ಲಾಭವೇ.

ಇದನ್ನು ಹೇಳಿದಾಗ ಚಿಕ್ಕಪ್ಪ, "ಹಂಗಾದ್ರೆ ನನ್ ಮೈಗೆ ಏನಾಯ್ತದೆ ಅಂತ ನೋಡೇ ಬುಡುವ" ಅಂದರು. ಅವರ ಡಾಕ್ಟರಿಗೆ ಹೇಳಿ, ಒಪ್ಪಿಗೆ ತೆಗೆದುಕೊಂಡೆವು. ಶುಗರ್ ಅಳೆಯುವ ಮೀಟರಿಗೆ 50 ಸ್ಟ್ರಿಪ್ಪಿನ ಒಂದು ಡಬ್ಬಿ ತಂದೆ. ದಸರಾ ರಜೆಯಲ್ಲಿ ಊರಿಗೆ ಹೋಗಿ ಎಂಟು ದಿನ ಅಲ್ಲೇ ಉಳಿದೆ.

ಅವರ ಗದ್ದೆಯದೇ ಅಕ್ಕಿ, ಒಂದೇ ಮೂಟೆಯಿಂದ. ಪ್ರತಿ ಸಲ ಅದೇ ಪಾವು, ಅದೇ ನೀರು, ಕುಕ್ಕರಿನಲ್ಲಿ ಮೂರು ವಿಶಲ್. ರಾತ್ರಿ ಊಟ ಎಂಟಕ್ಕೆ ಮುಗಿಸಿ, ಬೆಳಗ್ಗೆ ಏಳಕ್ಕೆ ಖಾಲಿ ಹೊಟ್ಟೆಯಲ್ಲಿ ಒಂದು ಅಳತೆ. ಆಮೇಲೆ 200 ಗ್ರಾಂ ಅನ್ನ, ಒಂದು ಬಟ್ಟಲು ತಿಳಿ ಸಾರು, ಹದಿನೈದು ನಿಮಿಷದಲ್ಲಿ ಊಟ. ನಂತರ 30, 60, 90, 120ನೇ ನಿಮಿಷಕ್ಕೆ ಅಳತೆ. ಆ ಎರಡು ಗಂಟೆ ಗದ್ದೆ ಕಡೆ ನಡೆದು ಹೋಗುವ ಹಾಗಿಲ್ಲ, ಜಗುಲಿ ಮೇಲೆ ಕೂತಿರಬೇಕು. ಚಿಕ್ಕಪ್ಪನಿಗೆ ಬೆರಳು ಚುಚ್ಚಿಸಿಕೊಳ್ಳುವುದಕ್ಕಿಂತ ಕೂರುವುದೇ ಕಷ್ಟವಾಯಿತು.

ಶುರು ಮಾಡುವ ಮೊದಲೇ ಎರಡು ತಪ್ಪು ಸಿಕ್ಕವು, ಎರಡೂ ಮುಖ್ಯ. ಫ್ರಿಜ್ಜಿನೊಳಗೆ ಥರ್ಮಾಮೀಟರ್ ಇಟ್ಟು ನೋಡಿದರೆ 9 ಡಿಗ್ರಿ ತೋರಿಸಿತು. ಬಾಗಿಲು ದಿನಕ್ಕೆ ನೂರು ಸಲ ತೆಗೆಯುತ್ತಾರೆ, ನಾಬ್ ಕೂಡ ಕಡಿಮೆಗೆ ಇಟ್ಟಿದ್ದರು. ತಿರುಗಿಸಿ 4 ಡಿಗ್ರಿಗೆ ತಂದೆವು. ಹಾಗಂತ ಫ್ರೀಜರಿನಲ್ಲಿ ಇಡಬಾರದು. ಅಲ್ಲಿ ನೀರು ಹೆಪ್ಪುಗಟ್ಟಿ ಎಳೆಗಳು ಅಲ್ಲಾಡಲಾಗದೆ ಹರಳಾಗುವ ಕೆಲಸವೇ ನಿಂತುಹೋಗುತ್ತದೆ. ಎರಡನೆಯದು ತೂಕ. ಫ್ರಿಜ್ಜಿನಲ್ಲಿಟ್ಟ ಅನ್ನ ಒಣಗುತ್ತದೆ, ನೀರು ಕಳೆದುಕೊಳ್ಳುತ್ತದೆ. ಮಾರನೇ ದಿನ 200 ಗ್ರಾಂ ತೂಗಿದರೆ ಅದರಲ್ಲಿ ಪಿಷ್ಟ ಜಾಸ್ತಿ ಬಂದಿರುತ್ತದೆ, ಹೋಲಿಕೆ ಕೆಟ್ಟುಹೋಗುತ್ತದೆ. ಅದಕ್ಕೇ ಬಿಸಿ ಇರುವಾಗಲೇ 200 ಗ್ರಾಂ ತೂಗಿ, ಆರಿದ ಮೇಲೆ ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದು 24 ಗಂಟೆ ಇಟ್ಟೆವು. ಉಣ್ಣುವ ಮುಂಚೆ ಇಡ್ಲಿ ಪಾತ್ರೆಯಲ್ಲಿ ಹಬೆಯಾಡಿಸಿದೆವು.

ಆರು ದಿನ ಬಿಸಿ ಅನ್ನ, ಫ್ರಿಜ್ ಅನ್ನ ಒಂದು ದಿನ ಬಿಟ್ಟು ಒಂದು ದಿನ. ಖಾಲಿ ಹೊಟ್ಟೆಯ ಅಳತೆ ದಿನವೂ 120ರಿಂದ 135ರ ಒಳಗೆ ಇತ್ತು. ಒಂದು ಗಂಟೆಗೆ ಎಷ್ಟು ಏರಿತು ಅನ್ನುವುದನ್ನು ಮಾತ್ರ ಇಲ್ಲಿ ಹೇಳುತ್ತೇನೆ. ಬಿಸಿ ಅನ್ನದ ಮೂರು ದಿನ 104, 96, 112 ಏರಿತು. ಫ್ರಿಜ್ ಅನ್ನದ ಮೂರು ದಿನ 84, 97, 80. ಸರಾಸರಿ ತೆಗೆದರೆ 104 ಇದ್ದದ್ದು 87 ಆಯಿತು, ನೂರಕ್ಕೆ ಹದಿನಾರರಷ್ಟು ಕಡಿಮೆ. ಎರಡು ಗಂಟೆಗೆ ನೋಡಿದರೆ ವ್ಯತ್ಯಾಸ ಐದೇ ಪಾಯಿಂಟು, ಅಂದರೆ ಇಲ್ಲವೇ ಇಲ್ಲ ಅನ್ನಬಹುದು. ತುದಿ ತಗ್ಗಿತು, ಬಾಲ ಹಾಗೇ ಉಳಿಯಿತು. ನಿಧಾನಕ್ಕೆ ಜೀರ್ಣವಾಗುವ ಪಿಷ್ಟ ಇದ್ದರೆ ಹೀಗೇ ಕಾಣಬೇಕು.

ಆದರೂ ಈ ಅಂಕಿಗಳನ್ನು ಜಾಸ್ತಿ ನಂಬಬಾರದು. ಫ್ರಿಜ್ ಅನ್ನದ ಒಂದು ದಿನ 97 ಬಂತು, ಬಿಸಿ ಅನ್ನದ ಒಂದು ದಿನ 96. ಅಂದರೆ ಆ ಎರಡು ದಿನ ಪಕ್ಕಪಕ್ಕ ಇಟ್ಟು ನೋಡಿದರೆ ಲಾಭವೇ ಕಾಣುವುದಿಲ್ಲ. ಮನೆಯ ಮೀಟರಿಗೆ ಇರುವ ಅಂತರರಾಷ್ಟ್ರೀಯ ಮಾನದಂಡ 100ರ ಮೇಲಿನ ಅಳತೆಯಲ್ಲಿ ಆ ಕಡೆ ಈ ಕಡೆ 15 ಶೇಕಡ ಒಪ್ಪುತ್ತದೆ. 230 ಅಂತ ತೋರಿಸಿದರೆ ನಿಜವಾದದ್ದು ಸುಮಾರು 35 ಪಾಯಿಂಟ್ ಮೇಲೋ ಕೆಳಗೋ ಇರಬಹುದು. ನಮಗೆ ಸಿಕ್ಕ 17 ಪಾಯಿಂಟಿನ ವ್ಯತ್ಯಾಸ ಅದರೊಳಗೇ ಮುಳುಗಿಹೋಗುತ್ತದೆ. ಒಂದು ಸಲ ಬಿಸಿ, ಒಂದು ಸಲ ತಣ್ಣಗೆ ಉಂಡು ಮೀಟರ್ ನೋಡಿ "ಆಹಾ ಇಳೀತು" ಅನ್ನುವ ವೀಡಿಯೊಗಳು ಏನನ್ನೂ ಸಾಬೀತು ಮಾಡುವುದಿಲ್ಲ. ನಮ್ಮ ಆರು ದಿನವೂ ಸಾಬೀತು ಮಾಡುವುದಿಲ್ಲ. ಅಧ್ಯಯನ ಹೇಳಿದ ದಿಕ್ಕಿನಲ್ಲೇ ಬಂತು, ಅಷ್ಟು ಹೇಳಬಹುದು.

ಏಳನೇ ದಿನ ನಾನು ಬೇಕಂತಲೇ ಒಂದು ಕೇಳಿದೆ. "ಚಿಕ್ಕಪ್ಪ, ಆ ಮೆಸೇಜ್ ಓದಿದ ಮೇಲೆ ನೀವು ದಿನಾ ಎಷ್ಟು ಹಾಕಿಸಿಕೊಳ್ತಿದ್ರೋ ಅಷ್ಟೇ ಇವತ್ತು ಹಾಕಿಸಿಕೊಳ್ಳಿ." ಚಿಕ್ಕಮ್ಮ ಬಡಿಸಿದರು. ತೂಗಿದರೆ 300 ಗ್ರಾಂ. ಫ್ರಿಜ್ಜಿನಲ್ಲಿಟ್ಟ ಅನ್ನವೇ, ಅದೇ ಹಬೆ, ಅದೇ ಸಾರು. ಒಂದು ಗಂಟೆಗೆ 121 ಏರಿತು. ಬಿಸಿ ಅನ್ನ 200 ಗ್ರಾಂ ಉಂಡ ಮೂರು ದಿನಕ್ಕಿಂತಲೂ ಜಾಸ್ತಿ. ಲೆಕ್ಕ ಹಾಕಿದರೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಫ್ರಿಜ್ಜಿನಿಂದ ಈ ತಟ್ಟೆಯಲ್ಲಿ 3 ಗ್ರಾಂ ಪಿಷ್ಟ ತಪ್ಪಿತು, ಹೆಚ್ಚಿಗೆ ಹಾಕಿಸಿಕೊಂಡ 100 ಗ್ರಾಂ ಅನ್ನದಿಂದ 28 ಗ್ರಾಂ ಬಂತು. ಮೀಟರಿನಲ್ಲಿ ಆ ಸಂಖ್ಯೆ ನೋಡಿ ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಒಂದೂವರೆ ತಿಂಗಳು ಹಿಂಗೇ ಉಂಡೆ" ಅಂದರು.

ಎಂಟನೇ ದಿನ ಫ್ರಿಜ್ ಬಿಟ್ಟೆವು. ಬಿಸಿ ಬಿಸಿ ಅನ್ನವೇ, ಆದರೆ 150 ಗ್ರಾಂ. ಅದಕ್ಕೂ ಮೊದಲು ಒಂದು ಬಟ್ಟಲು ಬಸ್ಸಾರಿನ ಸೊಪ್ಪು ಕಾಳಿನ ಪಲ್ಯ ತಿಂದರು, ಆಮೇಲೆ ಬಸ್ಸಾರಿನಲ್ಲಿ ಅನ್ನ. ಏರಿದ್ದು 74. ಎಂಟು ದಿನದಲ್ಲೇ ಅದು ಕಡಿಮೆ. ಒಂದೇ ದಿನದ ಅಳತೆ ಅದು, ಮೇಲೆ ಹೇಳಿದ ಎಚ್ಚರಿಕೆ ಇದಕ್ಕೂ ಸೇರುತ್ತದೆ. ಆದರೆ ಪಿಷ್ಟದ ಲೆಕ್ಕವೂ ಅದನ್ನೇ ಹೇಳುತ್ತದೆ: 50 ಗ್ರಾಂ ಅನ್ನ ಬಿಟ್ಟರೆ 14 ಗ್ರಾಂ ಪಿಷ್ಟ ತಪ್ಪಿತು.

ಇನ್ನು ತಣ್ಣಗೆ ಮಾಡುವ ರೀತಿ. ನನಗೆ ನಿಜವಾಗಿ ಆತಂಕ ಇರುವುದು ಇಲ್ಲಿ. ನಾನು ಹೋಗುವ ಮೊದಲು, ಏಪ್ರಿಲ್ ಬಿಸಿಲಿನಲ್ಲಿ, ಮಿಕ್ಕ ಅನ್ನವನ್ನು ಡಬರಿಯಲ್ಲೇ ಮುಚ್ಚಿ ಒಲೆ ಕಟ್ಟೆ ಮೇಲೆ ರಾತ್ರಿಯೆಲ್ಲ ಬಿಟ್ಟಿದ್ದರು. ಬೆಳಗ್ಗೆ ಅದಕ್ಕೇ ಒಗ್ಗರಣೆ ಹಾಕಿ ಚಿತ್ರಾನ್ನ. ತಿಂದ ಮೂರು ಗಂಟೆಯೊಳಗೆ ಮೊಮ್ಮಗ ನಾಲ್ಕು ಸಲ ವಾಂತಿ ಮಾಡಿಕೊಂಡ, ಜ್ವರ ಇರಲಿಲ್ಲ, ಸಂಜೆಗೆ ಸರಿಹೋದ. ಪರೀಕ್ಷೆ ಮಾಡಿಸಲಿಲ್ಲ, ಆದರೆ ಆ ಹೊತ್ತು, ಆ ಲಕ್ಷಣ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಕಡೆಗೇ ಬೆರಳು ತೋರಿಸುತ್ತದೆ. ಅದರ ಬೀಜಾಣು ಅಕ್ಕಿಯಲ್ಲೇ ಇರುತ್ತದೆ, ಬೇಯಿಸಿದರೂ ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಗಂಟೆಗಟ್ಟಲೆ ಇದ್ದರೆ ಮೊಳೆತು ಬೆಳೆದು ವಿಷ ಬಿಡುತ್ತದೆ. ವಾಂತಿ ತರಿಸುವ ಆ ವಿಷ ಒಗ್ಗರಣೆಗೂ ಹೋಗುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ವಾಸನೆ, ರುಚಿಯಲ್ಲೂ ಗೊತ್ತಾಗದೇ ಇರಬಹುದು.

ಅದೇ ಇಂಡೊನೇಷ್ಯಾದ ಅಧ್ಯಯನದಲ್ಲಿ 10 ಗಂಟೆ ಹೊರಗೇ ಆರಿಸಿದ ಅನ್ನವನ್ನೂ ಅಳೆದಿದ್ದರು. ಅದರಲ್ಲಿ 1.30 ಗ್ರಾಂ ಬಂತು. ಫ್ರಿಜ್ ಇಲ್ಲದೆಯೂ ಹರಳಾಗುತ್ತದೆ ಅನ್ನುವುದು ಸರಿ, ಆದರೆ ನಮ್ಮ ಸೆಕೆಗೆ ಆ ದಾರಿ ಬೇಡ. ಈಗ ಚಿಕ್ಕಮ್ಮ ಮಿಕ್ಕ ಅನ್ನವನ್ನು ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ಹರಡುತ್ತಾರೆ. ಒಂದು ಗಂಟೆಯೊಳಗೆ ಸಣ್ಣ ಡಬ್ಬಿಗೆ ಹಾಕಿ ಫ್ರಿಜ್ಜಿಗೆ. ದೊಡ್ಡ ಡಬರಿಯನ್ನೇ ಒಳಗಿಟ್ಟರೆ ನಡುವಿನ ಅನ್ನ ಎಷ್ಟೋ ಹೊತ್ತು ಬೆಚ್ಚಗೇ ಇರುತ್ತದೆ. ಮಾರನೇ ದಿನವೇ ಮುಗಿಸಬೇಕು, ಒಂದೇ ಸಲ ಬಿಸಿ ಮಾಡಬೇಕು. ನಮ್ಮ ಕಡೆಯ ತಂಗಳನ್ನ ಬೇರೆ ವಿಷಯ. ಅದು ನೀರಿನಲ್ಲಿ ನೆನೆದು, ಮಜ್ಜಿಗೆ ಸೇರಿ ಹುಳಿ ಬರುತ್ತದೆ, ಹುಳಿಯಲ್ಲಿ ಆ ಬ್ಯಾಕ್ಟೀರಿಯಾ ಬೆಳೆಯುವುದು ಕಷ್ಟ. ಒಣ ಅನ್ನವನ್ನು ಸುಮ್ನೆ ಮುಚ್ಚಿಟ್ಟು ಅದನ್ನೇ ತಂಗಳನ್ನ ಅನ್ನಬಾರದು.

ಆಲೂಗಡ್ಡೆ ಬಗ್ಗೆಯೂ ಚಿಕ್ಕಮ್ಮ ಕೇಳಿದರು. ಕತೆ ಅದೇ, ಅಂಕಿ ಸ್ವಲ್ಪ ಬೇರೆ. 2016ರ ಒಂದು ಅಮೆರಿಕನ್ ಅಧ್ಯಯನದಲ್ಲಿ ಬಿಸಿ ಆಲೂಗಡ್ಡೆಯ 100 ಗ್ರಾಂನಲ್ಲಿ 3.1 ಗ್ರಾಂ, ತಣ್ಣಗೆ ಮಾಡಿದ್ದರಲ್ಲಿ 4.3, ಮತ್ತೆ ಬಿಸಿ ಮಾಡಿದ್ದರಲ್ಲಿ 3.5 ಗ್ರಾಂ ಬಂತು. ಗಳಿಸಿದ್ದರಲ್ಲಿ ಹೆಚ್ಚು ಭಾಗ ಬಿಸಿ ಮಾಡಿದಾಗ ಹೋಯಿತು. ಆಲೂಗಡ್ಡೆಯಲ್ಲಿ ಲಾಭ ಬೇಕಿದ್ದರೆ ತಣ್ಣಗೇ ತಿನ್ನಬೇಕು, ಮೊಸರು ಬಜ್ಜಿಯ ಹಾಗೆ. ಫ್ರಿಜ್ಜಿನ ಆಲೂಗಡ್ಡೆಯನ್ನು ಬಾಣಲೆಯಲ್ಲಿ ಎಣ್ಣೆ ಬಿಟ್ಟು ಹುರಿದರೆ, ಉಳಿದ ಅರ್ಧ ಗ್ರಾಂ ಪಿಷ್ಟಕ್ಕಿಂತ ಎಣ್ಣೆಯ ಕ್ಯಾಲೊರಿಯೇ ಎಷ್ಟೋ ಪಟ್ಟು ಜಾಸ್ತಿ.

ಇನ್ಸುಲಿನ್ ತೆಗೆದುಕೊಳ್ಳುವವರು ಒಂದು ಮಾತು ತಿಳಿದಿರಬೇಕು. ಪೋಲೆಂಡಿನಲ್ಲಿ ಟೈಪ್ 1 ಡಯಾಬಿಟಿಸ್ ಇದ್ದ 32 ಜನರ ಮೇಲೆ ಬಿಸಿ ಅನ್ನ, ಫ್ರಿಜ್ ಅನ್ನ ಎರಡನ್ನೂ ಹೋಲಿಸಿದರು, 2022ರಲ್ಲಿ ಅದು ಪ್ರಕಟವಾಯಿತು. ಫ್ರಿಜ್ ಅನ್ನಕ್ಕೆ ಶುಗರ್ ಕಡಿಮೆ ಏರಿತು. ಆದರೆ ಇನ್ಸುಲಿನ್ ಎರಡಕ್ಕೂ ಒಂದೇ ಅಳತೆ ಇದ್ದುದರಿಂದ, ಫ್ರಿಜ್ ಅನ್ನ ಉಂಡವರಲ್ಲಿ ಶುಗರ್ ತೀರಾ ಕುಸಿದದ್ದೂ ಜಾಸ್ತಿ. ಅಂಥವರು ಡಾಕ್ಟರಿಗೆ ಹೇಳದೆ ಇದನ್ನು ಶುರು ಮಾಡಬಾರದು. ಚಿಕ್ಕಪ್ಪನ ಹಾಗೆ ಮೆಟ್‌ಫಾರ್ಮಿನ್ ಒಂದೇ ಇದ್ದರೆ ಆ ಅಪಾಯ ಬಹಳ ಕಡಿಮೆ.

ಈಗ ಆ ಮನೆಯಲ್ಲಿ ಮಧ್ಯಾಹ್ನದ ಅನ್ನಕ್ಕೆ ಒಂದು ಸ್ಟೀಲ್ ಬಟ್ಟಲು ಗೊತ್ತು ಮಾಡಿದ್ದಾರೆ. ತಲೆ ಸವರಿ ತುಂಬಿದರೆ 150 ಗ್ರಾಂ. ಹಿಂದಿನ ದಿನದ್ದು ಮಿಕ್ಕಿದ್ದರೆ ಅದನ್ನೇ ಹಬೆಯಾಡಿಸುತ್ತಾರೆ, ಇಲ್ಲದಿದ್ದರೆ ಬಿಸಿಯದು. ಅದಕ್ಕೋಸ್ಕರವೇ ಒಂದು ದಿನ ಮುಂಚೆ ಅನ್ನ ಮಾಡಿಡುವುದನ್ನು ಬಿಟ್ಟಿದ್ದಾರೆ.

ಹೊರಡುವ ದಿನ ಚಿಕ್ಕಪ್ಪ ಮುದ್ದೆ ಬಗ್ಗೆ ಕೇಳಿದರು. "ಅನ್ನದ್ದು ನೋಡ್ದಂಗಾಯ್ತು. ತಂಗಳು ಮುದ್ದೆಗೆ ಏನಾಯ್ತದೆ?" ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯ ವಿಜ್ಞಾನಿಗಳು 1999ರಲ್ಲೇ ಬೇರೆ ಬೇರೆ ರೀತಿ ಸಂಸ್ಕರಿಸಿದ ಅಕ್ಕಿ ಮತ್ತು ರಾಗಿಯ ರೆಸಿಸ್ಟೆಂಟ್ ಸ್ಟಾರ್ಚ್ ಅಳೆದು ಪ್ರಕಟಿಸಿದ್ದರು, ಅದನ್ನು ಹೇಳಿದೆ. "ಅವ್ರು ಅಳೆದದ್ದು ಸರಿ, ನಂದು ನಾನು ನೋಡ್ಬೇಕಲ್ವ" ಅಂದರು. ದಿನಕ್ಕೆ ಐದರಂತೆ ಎಂಟು ದಿನಕ್ಕೆ 40 ಸ್ಟ್ರಿಪ್ ಮುಗಿದಿದ್ದವು. ಡಬ್ಬಿಯಲ್ಲಿ ಇನ್ನೂ ಹತ್ತು ಇವೆ. ಒಂದು ದಿನ ಬಿಸಿ ಮುದ್ದೆ, ಒಂದು ದಿನ ತಂಗಳು ಮುದ್ದೆ. ತೂಗಿ ಇಡುವುದು ಹೇಗೆ ಅಂತ ಚಿಕ್ಕಮ್ಮನಿಗೆ ತೋರಿಸಿಕೊಟ್ಟು ಬಂದಿದ್ದೇನೆ.